ಖಾತೆ ಸಂಖ್ಯೆ ಸರಿ, ಹೆಸರು ಮಾತ್ರ ಬೇರೆ

ಮೊಬೈಲ್ ಬ್ಯಾಂಕಿಂಗ್‌ನಲ್ಲಿ ಹೊಸಬರೊಬ್ಬರ ಖಾತೆ ಸಂಖ್ಯೆ ತುಂಬಿ, ಐಎಫ್‌ಎಸ್‌ಸಿ ಹಾಕಿ, ಮುಂದಿನ ಗುಂಡಿ ಒತ್ತುತ್ತೀರಿ. ಅರೆಕ್ಷಣದಲ್ಲಿ ತೆರೆಯ ಮೇಲೆ ಒಂದು ಹೆಸರು ಮೂಡುತ್ತದೆ. ನೀವು ಹಣ ಕಳಿಸಬೇಕಿದ್ದದ್ದು ನಾಗಣ್ಣನಿಗೆ, ಅಲ್ಲಿ ಕಾಣುವುದು H S NAGARAJAPPA. ಅಥವಾ ಇನ್ನೂ ವಿಚಿತ್ರವಾಗಿ, ನೀವು ಯಾವತ್ತೂ ಕೇಳದ ಹೆಂಗಸೊಬ್ಬರ ಹೆಸರು. ಒತ್ತಬೇಕೋ ಬಿಡಬೇಕೋ ಎಂದು ಬೆರಳು ತಡವರಿಸುತ್ತದೆ. ಹೆಚ್ಚಿನವರು ಆಗ ಮಾಡುವುದು ಎರಡರಲ್ಲೊಂದು. ಏನೋ ಎಡವಟ್ಟಾಗಿದೆ ಎಂದು ಗಾಬರಿಯಾಗಿ ಬಿಟ್ಟುಬಿಡುತ್ತಾರೆ, ಇಲ್ಲವೇ ಬ್ಯಾಂಕಿನವರೇ ತೋರಿಸಿದ್ದಾರಲ್ಲ, ಸರಿಯೇ ಇರುತ್ತದೆ ಎಂದು ಕಳಿಸಿಬಿಡುತ್ತಾರೆ. ಎರಡೂ ತೀರ್ಮಾನಗಳಿಗೆ ಮೂಲ ಒಂದೇ: ಆ ಹೆಸರು ಎಲ್ಲಿಂದ ಬಂತು, ಅದನ್ನು ಯಾರು ಯಾವುದರೊಡನೆ ಹೋಲಿಸಿ ನೋಡಿದರು ಎಂಬುದು ಗೊತ್ತಿಲ್ಲದಿರುವುದು.

ಹೋಲಿಸಿ ಯಾರೂ ನೋಡಿರುವುದಿಲ್ಲ. ಇದನ್ನು ಮೊದಲು ತಿಳಿದುಕೊಂಡರೆ ಉಳಿದದ್ದು ಸಲೀಸು.

ನಮ್ಮಲ್ಲಿ ನೆಫ್ಟ್, ಆರ್‌ಟಿಜಿಎಸ್ ಮೂಲಕ ಹೋಗುವ ಹಣ ಖಾತೆ ಸಂಖ್ಯೆಯನ್ನು ಹಿಡಿದು ಹೋಗುತ್ತದೆ, ಹೆಸರನ್ನು ಹಿಡಿದಲ್ಲ. 2010ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಲ್ಲಿ ಇದು ಸ್ಪಷ್ಟವಾಗಿದೆ. ಬಂದ ಹಣವನ್ನು ಕೇವಲ ಖಾತೆ ಸಂಖ್ಯೆಯ ಆಧಾರದ ಮೇಲೆ ಜಮಾ ಮಾಡಬಹುದು, ಹೆಸರನ್ನು ಅದಕ್ಕೆ ಬಳಸಬೇಕಾಗಿಲ್ಲ, ಈ ಸಂಗತಿಯನ್ನು ಗ್ರಾಹಕರಿಗೆ ತಿಳಿಸಬೇಕು ಎಂದಿತು. ಹಾಗಾಗಿ ಶಾಖೆಯ ಚಲನ್‌ನಲ್ಲಿ ನೀವು ಹೆಸರಿನ ಜಾಗದಲ್ಲಿ ಎಷ್ಟು ಅಂದವಾಗಿ ಬರೆದರೂ ಅದು ಹಣದ ದಾರಿಯನ್ನು ನಿರ್ಧರಿಸುತ್ತಿರಲಿಲ್ಲ. ಒಂದು ಅಂಕಿ ತಪ್ಪಿ, ಆ ತಪ್ಪು ಸಂಖ್ಯೆಯ ಖಾತೆ ನಿಜಕ್ಕೂ ಇದ್ದರೆ, ಹಣ ಅಲ್ಲಿಗೇ ಹೋಗುತ್ತಿತ್ತು. ಖಾತೆಯೇ ಇಲ್ಲದಿದ್ದರೆ ಅದು ನಿಮ್ಮ ಅದೃಷ್ಟ, ಹಣ ತಿರುಗಿ ಬರುತ್ತಿತ್ತು. ಚೆಕ್ಕಿನ ಕಾಲದಲ್ಲಿ ಕೌಂಟರಿನ ಗುಮಾಸ್ತ ಹೆಸರನ್ನೂ ಕಣ್ಣಾಡಿಸಿ ನೋಡುತ್ತಿದ್ದ. ಆ ಕಣ್ಣು ಗಣಕದ ಕಾಲದಲ್ಲಿ ಇಲ್ಲವಾಯಿತು, ಮತ್ತು ಅದು ಇಲ್ಲವಾದದ್ದು ಬಹಳ ಜನಕ್ಕೆ ತಿಳಿಯಲೂ ಇಲ್ಲ.

ಖಾತೆ ಸಂಖ್ಯೆಯನ್ನು ಎರಡು ಸಲ ಹೊಡೆಸುವ ಪದ್ಧತಿ ಇತ್ತಲ್ಲ ಎನ್ನಬಹುದು. ಅದು ಬೆರಳಿನ ತಪ್ಪನ್ನು ಮಾತ್ರ ಹಿಡಿಯುತ್ತದೆ. ಫೋನಿನಲ್ಲಿ ಹೇಳಿದ್ದನ್ನು ಕೇಳಿ ಡೈರಿಯಲ್ಲಿ 6ರ ಬದಲು 9 ಬರೆದುಕೊಂಡಿದ್ದರೆ, ಆ 9ನ್ನೇ ಎರಡು ಸಲ ಶ್ರದ್ಧೆಯಿಂದ ಹೊಡೆಯುತ್ತೇವೆ. ಮೋಸಗಾರ ಕಳಿಸಿದ ಸಂಖ್ಯೆಯನ್ನಂತೂ ಎರಡು ಸಲವೇನು, ಹತ್ತು ಸಲ ಹೊಡೆದರೂ ಸರಿಯೇ ಬರುತ್ತದೆ.

ಈ ಕೊರತೆಯನ್ನು ತುಂಬಲು ರಿಸರ್ವ್ ಬ್ಯಾಂಕ್ 2024ರ ಡಿಸೆಂಬರ್ 30ರಂದು ಮತ್ತೊಂದು ಸುತ್ತೋಲೆ ಹೊರಡಿಸಿತು. ನೆಫ್ಟ್ ಅಥವಾ ಆರ್‌ಟಿಜಿಎಸ್‌ನಲ್ಲಿ ಹಣ ಕಳಿಸುವವರಿಗೆ, ಕಳಿಸುವ ಮೊದಲೇ ಪಡೆಯುವವರ ಹೆಸರನ್ನು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಎಲ್ಲ ಬ್ಯಾಂಕುಗಳೂ ಒದಗಿಸಬೇಕು ಎಂದಿತು. ಇಂಟರ್ನೆಟ್ ಮತ್ತು ಮೊಬೈಲ್ ಬ್ಯಾಂಕಿಂಗ್‌ನಲ್ಲಷ್ಟೇ ಅಲ್ಲ, ಶಾಖೆಗೆ ಹೋಗಿ ಕಳಿಸುವವರಿಗೂ ಇದು ಸಿಗಬೇಕು, ಶುಲ್ಕ ಕೇಳುವಂತಿಲ್ಲ. ವ್ಯವಸ್ಥೆ ಕಟ್ಟುವ ಹೊಣೆಯನ್ನು ಯುಪಿಐ ನಡೆಸುವ ಎನ್‌ಪಿಸಿಐಗೆ ವಹಿಸಲಾಯಿತು. ಶಾಖೆಯಲ್ಲಿ ಚಲನ್ ತುಂಬಿ ಕೊಡುವ ಹಿರಿಯರಿಗೆ ಇದು ತಮ್ಮ ಹಕ್ಕು ಎಂಬುದು ಇನ್ನೂ ಅಷ್ಟಾಗಿ ತಿಳಿದಿಲ್ಲ. "ಹೆಸರು ಯಾರದ್ದು ಬರ್ತಿದೆ, ಸ್ವಲ್ಪ ನೋಡಿ ಹೇಳಿ ಸಾರ್" ಎಂದು ಕೌಂಟರಿನಲ್ಲಿ ಧಾರಾಳವಾಗಿ ಕೇಳಬಹುದು.

ಒಳಗೆ ನಡೆಯುವುದು ಇಷ್ಟು. ನೀವು ಕೊಟ್ಟ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ನಿಮ್ಮ ಬ್ಯಾಂಕಿನಿಂದ ಎನ್‌ಪಿಸಿಐ ಮೂಲಕ ಆಚೆಯ ಬ್ಯಾಂಕಿಗೆ ಹೋಗುತ್ತದೆ. ಆ ಬ್ಯಾಂಕಿನ ಕೋರ್ ಬ್ಯಾಂಕಿಂಗ್ ಗಣಕ, ಅಂದರೆ ಅದರ ಮೂಲ ಲೆಡ್ಜರ್, ಆ ಸಂಖ್ಯೆಯ ಎದುರು ಯಾವ ಹೆಸರು ದಾಖಲಾಗಿದೆಯೋ ಅದನ್ನು ಹಾಗೆಯೇ ವಾಪಸು ಕಳಿಸುತ್ತದೆ. ಅದೇ ನಿಮ್ಮ ತೆರೆಯ ಮೇಲೆ ಕಾಣುವುದು. ನೀವು ಯಾರಿಗೆ ಕಳಿಸಬೇಕೆಂದಿದ್ದೀರಿ ಎಂಬುದು ಈ ಕೊಡುಕೊಳ್ಳುವಿಕೆಯಲ್ಲಿ ಎಲ್ಲೂ ಬರುವುದಿಲ್ಲ. ನಿಮ್ಮ ಮನಸ್ಸಿನಲ್ಲಿರುವ ಹೆಸರಿಗೂ ಲೆಡ್ಜರಿನ ಹೆಸರಿಗೂ ತಾಳೆ ನೋಡುವ ಕೆಲಸ ನಿಮ್ಮದೇ. ತಾಳೆಯಾಗದಿದ್ದರೂ ಒತ್ತಿದರೆ ಹಣ ಹೋಗುತ್ತದೆ, ಹಾಗೂ ಅದು ಮೊದಲಿನಂತೆ ಸಂಖ್ಯೆಯನ್ನು ಹಿಡಿದೇ ಹೋಗುತ್ತದೆ.

ಬ್ರಿಟನ್ನಿನ ಕ್ರಮ ಬೇರೆ. ಅಲ್ಲಿ 2020ರಲ್ಲಿ ದೊಡ್ಡ ಬ್ಯಾಂಕುಗಳು ಶುರು ಮಾಡಿದ ವ್ಯವಸ್ಥೆಯಲ್ಲಿ ಹೆಸರನ್ನು ಕಳಿಸುವವರೇ ಬರೆಯಬೇಕು. ಆಚೆಯ ಬ್ಯಾಂಕು ಅದನ್ನು ತನ್ನ ದಾಖಲೆಯೊಡನೆ ಹೋಲಿಸಿ, ಹೊಂದಿದೆ, ಬಹುತೇಕ ಹೊಂದಿದೆ, ಹೊಂದಿಲ್ಲ ಎಂದು ಉತ್ತರಿಸುತ್ತದೆ. ಬಹುತೇಕ ಹೊಂದಿದ್ದರೆ ನಿಜವಾದ ಹೆಸರನ್ನು ತೋರಿಸುತ್ತದೆ, ಹೊಂದದಿದ್ದರೆ ಬಿಟ್ಟುಕೊಡುವುದಿಲ್ಲ. ಐರೋಪ್ಯ ಒಕ್ಕೂಟವೂ 2025ರ ಅಕ್ಟೋಬರ್‌ನಿಂದ ಇದೇ ಜಾಡು ಹಿಡಿದಿದೆ. ನಮ್ಮಲ್ಲಿ ಹೆಸರನ್ನೇ ತೋರಿಸಿಬಿಡುತ್ತಾರೆ. ನನ್ನ ಲೆಕ್ಕದಲ್ಲಿ ನಮ್ಮ ಹೆಸರುಗಳಿಗೆ ಇದೇ ಒಗ್ಗುವ ಕ್ರಮ. ಶಿವಮೊಗ್ಗದ ಕಡೆಯ ಒಬ್ಬ ಮನುಷ್ಯನಿಗೆ ಮನೆಯಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಒಂದು, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು ಹೆಸರಿರುವಾಗ, ಗಣಕ ಹೋಲಿಸಲು ಹೊರಟರೆ ದಿನವಿಡೀ "ಹೊಂದಿಲ್ಲ" ಎನ್ನುತ್ತಲೇ ಕೂರಬೇಕಾದೀತು.

ಈಗ ಒಂದು ಪ್ರಕರಣವನ್ನು ಬಿಡಿಸಿ ನೋಡೋಣ. ಊಹೆಯದೇ, ಆದರೆ ಎಲ್ಲೂ ನಡೆಯಬಹುದಾದ್ದು. ತಿಪಟೂರಿನಲ್ಲಿ ಮನೆ ಕಟ್ಟಿಸುತ್ತಿರುವ ಒಬ್ಬರು ಬಾಗಿಲು ಕಿಟಕಿಯ ಮರಕ್ಕೆಂದು ಶಿವಮೊಗ್ಗದ ಸಾಮಿಲ್ಲಿಗೆ 2,40,000 ರೂಪಾಯಿ ಕಳಿಸಬೇಕು. ಮೊತ್ತ ಎರಡು ಲಕ್ಷ ದಾಟಿರುವುದರಿಂದ ಆರ್‌ಟಿಜಿಎಸ್ ಮಾಡುತ್ತಾರೆ. ಬಿಲ್ಲಿನ ಮೇಲೆ ಸಾಮಿಲ್ಲಿನ ಹೆಸರಿದೆ. ಮಾತುಕತೆಯೆಲ್ಲ ನಡೆದದ್ದು "ನಾಗಣ್ಣ" ಎಂಬುವರ ಜೊತೆ. ಖಾತೆ ಸಂಖ್ಯೆ ವಾಟ್ಸಾಪ್‌ನಲ್ಲಿ ಬಂದಿದೆ. ತೆರೆಯ ಮೇಲೆ ಬಂದ ಹೆಸರು ಸಾಮಿಲ್ಲಿನದೂ ಅಲ್ಲ, ನಾಗಣ್ಣನದೂ ಅಲ್ಲ: H S NAGARAJAPPA.

ನಾಗಣ್ಣ ಎಂದರೆ ನಾಗರಾಜಪ್ಪನೇ ಇರಬಹುದು ಎಂದು ಯಾರಿಗಾದರೂ ಹೊಳೆಯುತ್ತದೆ. ಆದರೆ ಎರಡೂವರೆ ಲಕ್ಷದ ಹತ್ತಿರದ ಹಣವನ್ನು "ಇರಬಹುದು" ಎಂಬುದರ ಮೇಲೆ ಕಳಿಸುವುದು ಬೇಡ. ಕೈಯಲ್ಲಿ ಬಿಲ್ಲಿದೆ, ಅದರಲ್ಲಿ ಹದಿನೈದು ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇದೆ. ಜಿಎಸ್‌ಟಿ ಜಾಲತಾಣದಲ್ಲಿ Search Taxpayer ಎಂಬಲ್ಲಿ ಆ ಸಂಖ್ಯೆ ಹಾಕಿದರೆ ಎರಡು ಹೆಸರು ಸಿಗುತ್ತವೆ. ಒಂದು ವ್ಯಾಪಾರದ ಹೆಸರು, ಬೋರ್ಡಿನ ಮೇಲಿರುವಂಥದ್ದು. ಇನ್ನೊಂದು ಕಾನೂನು ಪ್ರಕಾರದ ಹೆಸರು. ಒಬ್ಬರೇ ಮಾಲೀಕರಿರುವ ಅಂಗಡಿಯಾದರೆ ಈ ಎರಡನೆಯದು ಮಾಲೀಕರ ಸ್ವಂತ ಹೆಸರೇ ಆಗಿರುತ್ತದೆ. ಅಲ್ಲಿ HOSAHALLI SIDDAPPA NAGARAJAPPA ಎಂದು ಬಂತು ಎನ್ನಿ. ಊರು, ತಂದೆ, ತಾನು. ಎಚ್, ಎಸ್ ಎರಡೂ ಕೂಡಿದವು. ಬ್ಯಾಂಕಿನ ಲೆಡ್ಜರು ಒಂದು ಕಡೆ, ತೆರಿಗೆ ಇಲಾಖೆಯ ದಾಖಲೆ ಇನ್ನೊಂದು ಕಡೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂಲಗಳು ಒಂದೇ ಮನುಷ್ಯನನ್ನು ತೋರಿಸುತ್ತಿವೆ. ಹಣ ಅಂಗಡಿಯ ಚಾಲ್ತಿ ಖಾತೆಗಲ್ಲ, ಮಾಲೀಕರ ಉಳಿತಾಯ ಖಾತೆಗೆ ಹೋಗುತ್ತಿದೆ ಎಂಬುದಷ್ಟೇ ಉಳಿದ ವಿಷಯ. ಅದು ಅವರ ಮತ್ತು ಅವರ ಆಡಿಟರ್ ನಡುವಿನ ಮಾತು. ಇವರು ರಸೀದಿಯಲ್ಲಿ ಖಾತೆಯ ವಿವರ ನಮೂದಿಸಿಕೊಂಡರೆ ಸಾಕು.

ಅದೇ ಬಿಲ್ಲಿಗೆ ತೆರೆಯ ಮೇಲೆ ಬೇರೆ ರಾಜ್ಯದ ಹೆಸರಿನಂತೆ ಕಾಣುವ, ಯಾರೋ ಪರಿಚಯವಿಲ್ಲದವರ ಹೆಸರು ಬಂದಿದ್ದರೆ? ಆಗ ಸಾಧ್ಯತೆಗಳು ಎರಡು. ಸಂಖ್ಯೆ ಎಲ್ಲೋ ತಪ್ಪಿದೆ, ಅಥವಾ ವಾಟ್ಸಾಪ್‌ನಲ್ಲಿ ಸಂಖ್ಯೆ ಕಳಿಸಿದವರು ಸಾಮಿಲ್ಲಿನವರಲ್ಲ. ಇಲ್ಲಿ ಮಾಡಬಾರದ ಕೆಲಸವೊಂದಿದೆ: ಸಂಖ್ಯೆ ಬಂದ ಆ ವಾಟ್ಸಾಪ್‌ಗೇ ತಿರುಗಿ "ಹೆಸರು ಬೇರೆ ಬರ್ತಿದೆ" ಎಂದು ಕೇಳುವುದು. ಅಲ್ಲಿ ಮೋಸಗಾರನಿದ್ದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ. "ಅದು ನಮ್ಮ ಅಕೌಂಟೆಂಟ್ ಖಾತೆ", "ಕರೆಂಟ್ ಅಕೌಂಟ್ ಆಡಿಟ್‌ನಲ್ಲಿದೆ", "ಲಿಮಿಟ್ ಮುಗಿದಿದೆ, ಇವತ್ತೊಂದಿನ ಇದಕ್ಕೆ ಹಾಕಿ". ಕೇಳಬೇಕಾದದ್ದು ಬೇರೆ ದಾರಿಯಲ್ಲಿ. ಬಿಲ್ಲಿನ ಮೇಲೆ ಅಚ್ಚಾದ ನಂಬರಿಗೆ, ಅಥವಾ ಮರ ನೋಡಲು ಹೋದಾಗ ತೆಗೆದುಕೊಂಡ ನಂಬರಿಗೆ ಕರೆ ಮಾಡಿ, ಖಾತೆ ಸಂಖ್ಯೆಯನ್ನು ಅವರ ಬಾಯಿಂದಲೇ ಹೇಳಿಸಿಕೊಳ್ಳಬೇಕು. ನೀವು ಓದಿ "ಸರೀನಾ?" ಎಂದು ಕೇಳಿದರೆ ಅರ್ಧ ಜನ ಕೇಳಿಸಿಕೊಳ್ಳದೆಯೇ "ಹ್ಞೂಂ ಸರಿ" ಎಂದುಬಿಡುತ್ತಾರೆ.

ಹೆಸರು ಬೇರೆಯಾಗಿ ಕಂಡರೂ ಮೋಸವಿಲ್ಲದ ಸಂದರ್ಭಗಳೇ ನಮ್ಮಲ್ಲಿ ಹೆಚ್ಚು, ಅದಕ್ಕೆ ಕಾರಣ ಲೆಡ್ಜರಿನಲ್ಲಿ ಹೆಸರು ಸೇರಿದ ರೀತಿ. ಇಪ್ಪತ್ತು ವರ್ಷ ಹಿಂದೆ ಖಾತೆ ತೆರೆದಾಗ ಗುಮಾಸ್ತರು ಹೇಗೆ ಬರೆದುಕೊಂಡರೋ ಅದೇ ಗಣಕಕ್ಕೂ ಇಳಿದಿದೆ. ಲಕ್ಷ್ಮಿ ಕೆಲವು ಕಡೆ LAKSHMI, ಕೆಲವು ಕಡೆ LAXMI. ಅನೇಕ ಕಡೆ ಇನಿಶಿಯಲ್ ಮುಂದೆ, ಕೆಲವು ಕಡೆ ಹಿಂದೆ. ಮದುವೆಗೆ ಮೊದಲು ತೆರೆದ ಖಾತೆಯಲ್ಲಿ ತಂದೆಯ ಹೆಸರಿನೊಡನೆ ಇರುವ ಹೆಣ್ಣುಮಗಳು, ಈಗ ಎಲ್ಲರಿಗೂ ಗಂಡನ ಹೆಸರಿನೊಡನೆ ಪರಿಚಿತಳು. ಜಂಟಿ ಖಾತೆಯಲ್ಲಿ ಸಾಮಾನ್ಯವಾಗಿ ಮೊದಲನೆಯವರ ಹೆಸರು ಕಾಣುತ್ತದೆ. ಹಾಗಾಗಿ ಮಗನಿಗೆ ಕಳಿಸಲು ಹೊರಟರೆ ತಾಯಿಯ ಹೆಸರು ಎದುರಾಗಬಹುದು. ಉದ್ದದ ಹೆಸರು ನಡುವೆ ಕತ್ತರಿಸಿಹೋಗಿ, ವೆಂಕಟಸುಬ್ಬಯ್ಯನವರು ಅರ್ಧಕ್ಕೇ ನಿಂತಿರುವುದೂ ಉಂಟು.

ಕಾಲೇಜಿನ ಫೀಸು, ಅಪಾರ್ಟ್‌ಮೆಂಟಿನ ಕಂತು ಕಟ್ಟುವವರಿಗೆ ಮತ್ತೊಂದು ಬಗೆಯ ಗೊಂದಲ ಬರುತ್ತದೆ. ಅಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೆ, ಒಂದೊಂದು ಫ್ಲ್ಯಾಟಿಗೆ ಪ್ರತ್ಯೇಕ ಸಂಖ್ಯೆ ಕೊಟ್ಟಿರುತ್ತಾರೆ. ಅದು ನಿಜವಾದ ಖಾತೆಯಲ್ಲ, ಹಣ ಯಾರಿಂದ ಬಂತೆಂದು ಗುರುತಿಸಲು ಮಾಡಿಕೊಂಡ ವರ್ಚುವಲ್ ಸಂಖ್ಯೆ. ಅದರ ಹಿಂದೆ ಒಂದೇ ದೊಡ್ಡ ಖಾತೆಯಿರುತ್ತದೆ. ಕಾಲೇಜಿನ ಹೆಸರಿನ ಬದಲು ಅದನ್ನು ನಡೆಸುವ ಟ್ರಸ್ಟಿನ ಹೆಸರು ಕಂಡರೆ ಅಚ್ಚರಿಪಡಬೇಕಿಲ್ಲ. ಆದರೆ ಆ ಟ್ರಸ್ಟಿನ ಹೆಸರು ಫೀಸಿನ ಹಳೆಯ ರಸೀದಿಯಲ್ಲೋ ಪ್ರವೇಶ ಪತ್ರದಲ್ಲೋ ಇರಲೇಬೇಕು, ಅಲ್ಲಿ ನೋಡಿಕೊಳ್ಳಬಹುದು.

ವಿಲೀನಗೊಂಡ ಬ್ಯಾಂಕುಗಳ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಕರ್ನಾಟಕದಷ್ಟು ಬ್ಯಾಂಕುಗಳನ್ನು ಹೆತ್ತು ಕಳೆದುಕೊಂಡ ರಾಜ್ಯ ಇನ್ನೊಂದಿಲ್ಲವೇನೋ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿಹೋದವು. ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ನೋಡಿ ತುಂಬಿದರೆ ಹೆಸರೇ ಬಾರದಿರಬಹುದು. ಆಚೆಯ ಬ್ಯಾಂಕಿನ ಗಣಕ ಆ ಹೊತ್ತಿಗೆ ಉತ್ತರಿಸದಿದ್ದರೂ ಹಾಗೆಯೇ. ಹೆಸರು ಬಾರದಿದ್ದರೆ ಮುಂದುವರಿಯುವುದು ಕಳಿಸುವವರ ವಿವೇಚನೆಗೆ ಬಿಟ್ಟದ್ದು ಎಂದು ನಿಯಮವೇ ಹೇಳುತ್ತದೆ. ಹೆಸರು ಬಾರದಿರುವುದಕ್ಕೂ ತಪ್ಪು ಹೆಸರು ಬರುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಏನನ್ನೂ ಹೇಳುತ್ತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬಹುದು, ಹೊಸ ಐಎಫ್‌ಎಸ್‌ಸಿ ಕೇಳಬಹುದು.

ಯುಪಿಐನಲ್ಲಿ ಸಮಸ್ಯೆ ಬೇರೆ ರೂಪದಲ್ಲಿತ್ತು. ಅಲ್ಲಿ ಮೊದಲಿನಿಂದಲೂ ಹೆಸರು ಕಾಣುತ್ತಿತ್ತು, ಆದರೆ ಯಾವ ಹೆಸರು? ಕೆಲವು ಆ್ಯಪ್‌ಗಳಲ್ಲಿ ಬಳಕೆದಾರರೇ ಇಟ್ಟುಕೊಂಡದ್ದು, ಕೆಲವು ಕಡೆ ಕ್ಯೂಆರ್ ಚೀಟಿಯಲ್ಲಿ ಅಡಗಿದ್ದದ್ದು, ಇನ್ನು ಕೆಲವು ಕಡೆ ನಿಮ್ಮ ಫೋನಿನಲ್ಲಿ ನೀವೇ ಉಳಿಸಿಕೊಂಡದ್ದು. 2025ರ ಏಪ್ರಿಲ್‌ನಲ್ಲಿ ಎನ್‌ಪಿಸಿಐ, ಜೂನ್ 30ರೊಳಗೆ ಎಲ್ಲ ಆ್ಯಪ್‌ಗಳೂ ಪಾವತಿಗೆ ಮುನ್ನ ಬ್ಯಾಂಕಿನ ದಾಖಲೆಯ ಹೆಸರನ್ನೇ ತೋರಿಸಬೇಕೆಂದು ಸೂಚಿಸಿತು. ತರಕಾರಿ ಗಾಡಿಯ ರತ್ನಮ್ಮನ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಅವರ ಅಳಿಯನ ಹೆಸರು ಕಾಣುವುದು ಇದರಿಂದಲೇ. ಇಪ್ಪತ್ತು ರೂಪಾಯಿಯ ಕೊತ್ತಂಬರಿಗೆ ಯಾರೂ ಅದನ್ನು ಓದುವುದಿಲ್ಲ, ಓದಬೇಕಾದ ಅಗತ್ಯವೂ ಇಲ್ಲ. ಆದರೆ ಅಂಗಡಿಯ ಕ್ಯೂಆರ್ ಮೇಲೆ ರಾತ್ರೋರಾತ್ರಿ ಬೇರೆ ಚೀಟಿ ಅಂಟಿಸುವ ಚಾಲಾಕಿಗಳಿದ್ದಾರೆ. ದಿನಾ ಹೋಗುವ ಅಂಗಡಿಯಲ್ಲಿ ನಿನ್ನೆಯ ಹೆಸರು ಇವತ್ತು ಬದಲಾಗಿದ್ದರೆ "ಕ್ಯೂಆರ್ ಬದಲಾಯಿಸಿದಿರಾ ಅಣ್ಣ?" ಎಂದು ಕೇಳಿದರೆ ಅಂಗಡಿಯವನಿಗೇ ಉಪಕಾರ.

ಇಷ್ಟೆಲ್ಲ ಆದಮೇಲೂ, ಹೆಸರು ಸರಿಯಾಗಿ ಬಂತು ಎಂದರೆ ಏನು ಸಾಬೀತಾಯಿತು? ಆ ಸಂಖ್ಯೆಯ ಖಾತೆ ಆ ಬ್ಯಾಂಕಿನಲ್ಲಿದೆ, ಅದು ಆ ಹೆಸರಿನಲ್ಲಿದೆ. ಅಷ್ಟೇ. ಆ ಖಾತೆಯನ್ನು ಈಗ ಯಾರು ನಡೆಸುತ್ತಿದ್ದಾರೆ ಎಂಬುದು ಗೊತ್ತಾಗುವುದಿಲ್ಲ, ಫೋನಿನಲ್ಲಿ ಮಾತಾಡಿದ ಮನುಷ್ಯ ಅವನೇ ಎಂಬುದಂತೂ ಮೊದಲೇ ಗೊತ್ತಾಗುವುದಿಲ್ಲ. ಬಾಡಿಗೆ ಖಾತೆಗಳ ದಂಧೆ ನಿಂತಿರುವುದೇ ಈ ಸಂದಿಯಲ್ಲಿ. ಕಾಲೇಜು ಹುಡುಗನೋ ಕೆಲಸವಿಲ್ಲದ ಯುವಕನೋ ಕಮಿಷನ್ ಆಸೆಗೆ ತನ್ನ ಖಾತೆ, ಸಿಮ್, ಎಟಿಎಂ ಕಾರ್ಡನ್ನು ಇನ್ನೊಬ್ಬರಿಗೆ ಒಪ್ಪಿಸಿರುತ್ತಾನೆ. ಆ ಖಾತೆಯ ಆಧಾರ್ ನಿಜ, ಪ್ಯಾನ್ ನಿಜ, ಹೆಸರೂ ನಿಜ. ಹಳೆಯ ಕಾರು ಮಾರುವ ಸುಳ್ಳು ಜಾಹೀರಾತು ಹಾಕಿದವನು ತನ್ನನ್ನು ಆ ಹುಡುಗನ ಹೆಸರಿನಿಂದಲೇ ಪರಿಚಯಿಸಿಕೊಂಡರೆ, ನಿಮ್ಮ ತೆರೆಯ ಮೇಲೆ ಹೆಸರು ಚಾಚೂ ತಪ್ಪದೆ ಹೊಂದುತ್ತದೆ. ಒಂದು ರೂಪಾಯಿ ಕಳಿಸಿ ನೋಡುವ ಜಾಣತನವೂ ಇಲ್ಲಿ ಕೈಕೊಡುತ್ತದೆ. ಆ ರೂಪಾಯಿ ತಲುಪಿತೆಂದು ಅವನು ಸಂತೋಷದಿಂದಲೇ ಹೇಳುತ್ತಾನೆ. ಒಂದು ರೂಪಾಯಿಯ ಪರೀಕ್ಷೆ ಅಂಕಿ ತಪ್ಪಿಲ್ಲವೆಂದು ಖಾತ್ರಿಪಡಿಸಿಕೊಳ್ಳಲು, ಅದೂ ಪರಿಚಿತರ ನಡುವೆ, ಚೆನ್ನಾಗಿದೆ.

ಹೆಸರು ತಾನಾಗಿಯೇ ಮೋಸವನ್ನು ಕೂಗಿ ಹೇಳುವ ಸಂದರ್ಭವೂ ಉಂಟು. ಸಿಬಿಐ, ಕಸ್ಟಮ್ಸ್, ರಿಸರ್ವ್ ಬ್ಯಾಂಕ್ ಎಂದು ಹೇಳಿಕೊಂಡು ವಿಡಿಯೊ ಕರೆಯಲ್ಲಿ ಗಂಟೆಗಟ್ಟಲೆ ಕೂರಿಸಿಕೊಂಡು, ತಪಾಸಣೆಗೆಂದು ಹಣವನ್ನು "ಸರ್ಕಾರಿ ಖಾತೆ"ಗೆ ವರ್ಗಾಯಿಸಲು ಹೇಳುವವರಿದ್ದಾರಲ್ಲ, ಅವರು ಕೊಟ್ಟ ಸಂಖ್ಯೆಗೆ ತೆರೆಯ ಮೇಲೆ ಯಾವುದೋ ಟ್ರೇಡರ್ಸ್, ಯಾವುದೋ ಎಂಟರ್‌ಪ್ರೈಸಸ್, ಇಲ್ಲವೇ ಯಾರೋ ಖಾಸಗಿ ವ್ಯಕ್ತಿಯ ಹೆಸರು ಬರುತ್ತದೆ. ಯಾವ ತನಿಖಾ ಸಂಸ್ಥೆಯೂ ಹೀಗೆ ಹಣ ಕಟ್ಟಿಸಿಕೊಳ್ಳುವುದಿಲ್ಲ. "ಅದು ನೋಡಲ್ ಅಧಿಕಾರಿಯ ಹೆಸರು" ಎಂಬ ಸಮಜಾಯಿಷಿ ಬಂದರೆ ಕರೆ ಕತ್ತರಿಸಬಹುದು.

ಇನ್ನೊಂದು ಮಿತಿಯನ್ನು ಬಹಳ ಜನ ಗಮನಿಸುವುದಿಲ್ಲ. ಎಂದೋ ಸೇರಿಸಿಟ್ಟ ಫಲಾನುಭವಿಗಳ ಪಟ್ಟಿಯಲ್ಲಿ ನೀವೇ ಕೊಟ್ಟ ಅಡ್ಡಹೆಸರು ಕಾಣುತ್ತಿರಬಹುದು. "ಬಾಡಿಗೆ ಓನರ್" ಎಂದು ನೀವು ಬರೆದಿಟ್ಟದ್ದು ಯಾವ ಬ್ಯಾಂಕಿನ ದಾಖಲೆಯೂ ಅಲ್ಲ. ದೊಡ್ಡ ಮೊತ್ತ ಕಳಿಸುವ ಮುನ್ನ ಅಂಥ ಹಳೆಯ ನಮೂದನ್ನು ಅಳಿಸಿ, ಹೊಸದಾಗಿ ಸೇರಿಸಿ ಹೆಸರು ನೋಡಿಕೊಳ್ಳುವುದು ಐದು ನಿಮಿಷದ ಕೆಲಸ.

ಹೆಸರು ಮೂಡಿದ ತೆರೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ. ಹೆಸರು ಕೇಳಿದ ಪ್ರತಿಯೊಂದು ವಿಚಾರಣೆಗೂ ಪ್ರತ್ಯೇಕ ಉಲ್ಲೇಖ ಸಂಖ್ಯೆಯಿರುತ್ತದೆ. ಎನ್‌ಪಿಸಿಐ ಈ ಮಾಹಿತಿಯನ್ನು ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ, ಹಾಗಾಗಿ ತಕರಾರು ಬಂದರೆ ಎರಡೂ ಬ್ಯಾಂಕುಗಳು ಆ ಸಂಖ್ಯೆ ಮತ್ತು ತಮ್ಮ ಲಾಗ್‌ಗಳನ್ನು ಮುಂದಿಟ್ಟುಕೊಂಡು ಬಗೆಹರಿಸಬೇಕು. ಬ್ಯಾಂಕು ತೋರಿಸಿದ ಹೆಸರೇ ತಪ್ಪಾಗಿತ್ತೇ, ಅಥವಾ ಸರಿಯಾಗಿ ತೋರಿಸಿದರೂ ನೀವು ಓದದೆ ಒತ್ತಿದಿರೇ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ.

ಅಂಕಿ ತಪ್ಪಿ ಅಪರಿಚಿತರ ಖಾತೆಗೆ ಹಣ ಸೇರಿಯೇಬಿಟ್ಟರೆ ನಿಮ್ಮ ಬ್ಯಾಂಕು ಅದನ್ನು ಎಳೆದು ತರಲಾರದು. ಆಚೆಯ ಬ್ಯಾಂಕಿಗೆ ಬರೆಯುತ್ತದೆ, ಅವರು ಖಾತೆದಾರರನ್ನು ಕೇಳುತ್ತಾರೆ, ಖಾತೆದಾರರು ಒಪ್ಪಿದರೆ ಹಣ ವಾಪಸು. ಒಪ್ಪದಿದ್ದರೆ 1872ರ ಭಾರತೀಯ ಒಪ್ಪಂದ ಕಾಯ್ದೆಯ 72ನೇ ಕಲಮು ನಿಮ್ಮ ಪರವಾಗಿದೆ. ತಪ್ಪಿನಿಂದ ತನಗೆ ಬಂದ ಹಣವನ್ನು ಪಡೆದವರು ಹಿಂದಿರುಗಿಸಬೇಕು ಎನ್ನುತ್ತದೆ ಅದು. ಅದನ್ನು ಜಾರಿ ಮಾಡಿಸಲು ಕೋರ್ಟಿಗೆ ಹೋಗಬೇಕು. ತಪ್ಪಿನಿಂದಲ್ಲದೆ ಮೋಸದಿಂದ ಹೋದ ಹಣವಾದರೆ ಕಾಯುವಂತಿಲ್ಲ. ಅದು ಖಾತೆಯಿಂದ ಖಾತೆಗೆ ಹಾರುವ ಮೊದಲೇ 1930ಕ್ಕೆ ಕರೆ ಮಾಡಿ ತಡೆ ಹಿಡಿಸಲು ಪ್ರಯತ್ನಿಸಬೇಕು. ಆ ಕರೆಯಲ್ಲಿ ಕೇಳುವುದು ಯುಟಿಆರ್ ಸಂಖ್ಯೆ, ಸಮಯ, ಮೊತ್ತ ಮತ್ತು ಹಣ ಹೋದ ಖಾತೆಯ ಸಂಖ್ಯೆ. ತೆರೆಯ ಮೇಲೆ ಕಂಡ ಹೆಸರು ಜ್ಞಾಪಕವಿದ್ದರೆ ಅದನ್ನೂ ಹೇಳಿ.